ಊರು ಗೊತ್ತಾದ ದಿನ ಬಸ್ಸು, ವಿಳಾಸ ಗೊತ್ತಾದ ದಿನ ರೂಮು

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ತಿರ ಹಳ್ಳಿ. ರೈಲ್ವೆ ನೇಮಕಾತಿಯ ಎನ್‌ಟಿಪಿಸಿ ಪರೀಕ್ಷೆಗೆ ಬೆಂಗಳೂರು ಬಂದಿದೆ. ದಿನ ಗೊತ್ತಾಗಿದೆ, ಕಾಲೇಜು ಯಾವುದು ಅಂತ ಇನ್ನೂ ಬಂದಿಲ್ಲ. ರಾತ್ರಿ ಬಸ್ಸಿಗೆ ಹೋಗಿ ಬೆಳಿಗ್ಗೆ ಇಳಿದು ಹಾಗೇ ಪರೀಕ್ಷೆಗೆ ಹೋದರೆ ಸಾಕಾ, ಹಿಂದಿನ ದಿನವೇ ಹೋಗಿ ಉಳಿಯಬೇಕಾ? ಅಪ್ಪ ಜೊತೆಗೆ ಬರ್ತಾರೆ. ಇಬ್ಬರಿಗೂ ಬೆಂಗಳೂರು ಗೊತ್ತಿಲ್ಲ. ಮೆಜೆಸ್ಟಿಕ್ ಹತ್ತಿರ ಈಗಲೇ ರೂಮ್ ಮಾಡಿ ಇಡಲಾ?

ಉತ್ತರ: ಮೆಜೆಸ್ಟಿಕ್‌ನಲ್ಲಿ ಈಗಲೇ ರೂಮ್ ಮಾಡಬೇಡಿ, ತಂಗಿ. ಬಸ್ ಟಿಕೆಟ್ ಮಾತ್ರ ಈಗಲೇ ಮಾಡಿ. ರೂಮು ನಾಲ್ಕು ದಿನ ಮೊದಲು ಸಾಕು. ಯಾಕೆ ಅಂತ ಹೇಳ್ತೇನೆ.

ರೈಲ್ವೆ ನೇಮಕಾತಿ ಮಂಡಳಿ ಮಾಹಿತಿಯನ್ನು ಎರಡು ಕಂತಿನಲ್ಲಿ ಕೊಡುತ್ತದೆ. ಪರೀಕ್ಷೆಗೆ ಸುಮಾರು 10 ದಿನ ಇರುವಾಗ ಊರು ಮತ್ತು ದಿನ ತಿಳಿಸುವ ಚೀಟಿ ಬರುತ್ತದೆ. ಪ್ರವೇಶ ಪತ್ರ ಬರುವುದು 4 ದಿನ ಇರುವಾಗ. ಕೇಂದ್ರದ ಹೆಸರು, ವಿಳಾಸ, ಗೇಟ್ ಮುಚ್ಚುವ ಸಮಯ ಎಲ್ಲ ಇರುವುದು ಈ ಎರಡನೆಯದರಲ್ಲಿ. ನೀವು ಈಗ ಮೊದಲ ಕಂತಿನಲ್ಲಿದ್ದೀರಿ. ಊರು ಗೊತ್ತು, ಜಾಗ ಗೊತ್ತಿಲ್ಲ. ಬೆಂಗಳೂರಿನ ವಿಷಯದಲ್ಲಿ ಊರು ಗೊತ್ತಿದ್ದರೆ ಅರ್ಧ ಮಾತ್ರ ಗೊತ್ತಿದ್ದ ಹಾಗೆ. ಕಂಪ್ಯೂಟರ್ ಪರೀಕ್ಷೆಗೆ ನೂರಾರು ಕಂಪ್ಯೂಟರ್ ಇರುವ ಜಾಗ ಬೇಕು. ಅಂಥ ಕಾಲೇಜುಗಳು ಬಹಳಷ್ಟು ಊರಿನ ಹೊರವಲಯದಲ್ಲಿವೆ. ಹೆಸರಘಟ್ಟ ರಸ್ತೆ, ಕನಕಪುರ ರಸ್ತೆ, ವೈಟ್‌ಫೀಲ್ಡ್ ಕಡೆ, ಹೊಸೂರು ರಸ್ತೆ, ಎಲ್ಲಿ ಬೇಕಾದರೂ ಬರಬಹುದು. ಇವೆಲ್ಲ ಮೆಜೆಸ್ಟಿಕ್‌ನಿಂದ ದೂರ. ಒಂದರಿಂದ ಇನ್ನೊಂದಕ್ಕಂತೂ ಇನ್ನೂ ದೂರ.

ನಾನು ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಪಾಠ ಮಾಡುವವನು. ಪರೀಕ್ಷೆ ಹತ್ತಿರ ಬಂದಾಗ ಹುಡುಗರು ಪಾಠಕ್ಕಿಂತ ಜಾಸ್ತಿ ಕೇಳುವುದು ಪ್ರಯಾಣದ ಬಗ್ಗೆಯೇ. ನಮ್ಮ ಹುಡುಗನೊಬ್ಬ ಊರು ಗೊತ್ತಾದ ದಿನವೇ ಮೆಜೆಸ್ಟಿಕ್ ಪಕ್ಕದ ಗಾಂಧಿನಗರದಲ್ಲಿ ರೂಮ್ ಮಾಡಿ ದುಡ್ಡು ಕಟ್ಟಿದ. ಆಮೇಲೆ ಕೇಂದ್ರ ಬಂದದ್ದು ಹೆಸರಘಟ್ಟ ರಸ್ತೆಯಲ್ಲಿ. ದುಡ್ಡು ವಾಪಸ್ ಇಲ್ಲ ಅಂದರು, ಸರಿ ಅಲ್ಲೇ ಉಳಿದ. ಬೆಳಿಗ್ಗೆ ಆರಕ್ಕೆ ಹೊರಟರೆ ಒಬ್ಬ ಆಟೋದವನೂ ಅಷ್ಟು ದೂರ ಬರಲು ಒಪ್ಪಲಿಲ್ಲ. ಬಸ್ಸು ಹುಡುಕಿ, ತುಮಕೂರು ರಸ್ತೆಯ ಎಂಟನೇ ಮೈಲಿ ಅನ್ನುವ ನಿಲ್ದಾಣದಲ್ಲಿ ಇಳಿದು ಬದಲಾಯಿಸಿ, ಕಾಲೇಜಿನ ಗೇಟ್ ಮುಟ್ಟುವಾಗ ಕಾವಲುಗಾರರು ಗೇಟ್ ಎಳೆಯುತ್ತಿದ್ದರು. ಒಳಗೆ ಹೋದ, ಆದರೆ ಮೊದಲ ಇಪ್ಪತ್ತು ಪ್ರಶ್ನೆ ಓದುವಾಗ ಕೈ ನಡುಗುತ್ತಲೇ ಇತ್ತಂತೆ. ಹಿಂದಿನ ದಿನ ಆ ಹುಡುಗ ಬಂದ ಬಸ್ಸು ಅದೇ ಎಂಟನೇ ಮೈಲಿಯ ಮೇಲೇ ಹಾದು ಮೆಜೆಸ್ಟಿಕ್‌ಗೆ ಹೋಗಿತ್ತು. ಅಲ್ಲೇ ಇಳಿದು ಅಲ್ಲೇ ಉಳಿದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ರಾತ್ರಿ ಬಸ್ಸು ಸಾಕಾ?

ಎನ್‌ಟಿಪಿಸಿಯ ಬೆಳಗಿನ ಪಾಳಿಯಲ್ಲಿ ಪರೀಕ್ಷೆ ಶುರುವಾಗುವುದು 9ಕ್ಕೆ. ಆದರೆ ನೀವು ಲೆಕ್ಕ ಹಾಕಬೇಕಾದದ್ದು 9 ಅಲ್ಲ. ಹಾಜರಿ ಸಮಯ 7.30, ಗೇಟ್ ಮುಚ್ಚುವುದು 8.30. ಮುಚ್ಚಿದ ಮೇಲೆ ಯಾರು ಏನು ಕೇಳಿಕೊಂಡರೂ ತೆಗೆಯುವುದಿಲ್ಲ. ನಿಮ್ಮ ಪ್ರವೇಶ ಪತ್ರದಲ್ಲಿ ಯಾವ ಸಮಯ ಇದೆಯೋ ಅದೇ ಕೊನೆ ಮಾತು. ನಾನು ಹೇಳುತ್ತಿರುವುದು ಸಾಮಾನ್ಯವಾಗಿ ಇರುವ ಕ್ರಮ.

ಶಿರಸಿಯಿಂದ ಬೆಂಗಳೂರು 400 ಕಿ.ಮೀ. ಆಸುಪಾಸು. ಹಾವೇರಿ, ದಾವಣಗೆರೆ, ಚಿತ್ರದುರ್ಗದ ಮೇಲೆ ಬಂದರೂ, ಸಾಗರ, ಶಿವಮೊಗ್ಗ, ಅರಸೀಕೆರೆ ಮೇಲೆ ಬಂದರೂ ತುಮಕೂರಿನಲ್ಲಿ ಎರಡೂ ದಾರಿ ಒಂದಾಗುತ್ತವೆ. ರಾತ್ರಿ ಬಸ್ಸಿಗೆ ಎಂಟೊಂಬತ್ತು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಹತ್ತಿದರೆ ಬೆಳಿಗ್ಗೆ ಆರರ ಹೊತ್ತಿಗೆ ಬೆಂಗಳೂರು. ಕಾಗದದ ಮೇಲೆ ಗೇಟ್ ಮುಚ್ಚಲು ಎರಡೂವರೆ ಗಂಟೆ ಉಳಿಯಿತು. ಅದರಲ್ಲಿ ಮುಖ ತೊಳೆದು ತಿಂಡಿ ತಿನ್ನಲು ಮುಕ್ಕಾಲು ಗಂಟೆ ತೆಗೆಯಿರಿ. ಕೇಂದ್ರಕ್ಕೆ ಹೋಗಲು ಒಂದು ಗಂಟೆ ತೆಗೆಯಿರಿ. ಉಳಿದದ್ದು ಮುಕ್ಕಾಲು ಗಂಟೆ. 400 ಕಿ.ಮೀ. ದಾರಿಯಲ್ಲಿ ಬಸ್ಸು ಮುಕ್ಕಾಲು ಗಂಟೆ ತಡವಾಗುವುದು ಏನೂ ದೊಡ್ಡ ವಿಷಯ ಅಲ್ಲ. ಒಂದು ಟಯರ್ ಪಂಕ್ಚರ್ ಆದರೆ ಸಾಕು. ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ ಬೆಳಿಗ್ಗೆ ವಾಹನ ಸಾಲುಗಟ್ಟಿದರೂ ಸಾಕು. ಪರೀಕ್ಷೆ ಸೋಮವಾರ ಇದ್ದರಂತೂ ವಾರಾಂತ್ಯಕ್ಕೆ ಊರಿಗೆ ಹೋದವರೆಲ್ಲ ಆ ಬೆಳಿಗ್ಗೆಯೇ ಬೆಂಗಳೂರಿಗೆ ವಾಪಸ್ ಬರುತ್ತಿರುತ್ತಾರೆ. ತುಮಕೂರು ರಸ್ತೆ ಅವತ್ತು ಬೇರೆಯೇ ಆಗಿರುತ್ತದೆ.

ಹಾಗಾಗಿ ಬೆಳಗಿನ ಪಾಳಿಯಾದರೆ ಹಿಂದಿನ ದಿನವೇ ಹೋಗಿ. ಮಧ್ಯಾಹ್ನದ ಅಥವಾ ಸಂಜೆಯ ಪಾಳಿಯಾದರೆ ರಾತ್ರಿ ಬಸ್ಸು ತಪ್ಪಲ್ಲ. ಬೆಳಿಗ್ಗೆ ಇಳಿದು, ಕೆಲವು ಗಂಟೆಗೆ ಒಂದು ರೂಮ್ ಮಾಡಿ, ಸ್ನಾನ ಮಾಡಿ, ಎರಡು ಗಂಟೆ ಮಲಗಿ ಎದ್ದು ಹೋಗಬಹುದು. ಬಸ್ಸು ಎರಡು ಗಂಟೆ ತಡವಾದರೂ ಪರೀಕ್ಷೆ ತಪ್ಪುವುದಿಲ್ಲ. ನಿಮ್ಮ ಪಾಳಿ ಇನ್ನೂ ಖಚಿತ ಇಲ್ಲದಿದ್ದರೆ ಬೆಳಗಿನದು ಅಂತಲೇ ಹಿಡಿದುಕೊಂಡು ಯೋಜನೆ ಮಾಡಿ. ಆಮೇಲೆ ಸಂಜೆ ಪಾಳಿ ಬಂದರೆ ನಿಮಗೆ ಲಾಭವೇ ಹೊರತು ನಷ್ಟ ಇಲ್ಲ.

ಹಿಂದಿನ ದಿನ ಹೋಗುವುದು ಅಂದರೆ ಹಗಲು ಬಸ್ಸು. ಬೆಳಿಗ್ಗೆ ಏಳರ ಸುಮಾರಿಗೆ ಶಿರಸಿ ಬಿಟ್ಟರೆ ಸಂಜೆ ನಾಲ್ಕರ ಹೊತ್ತಿಗೆ ತುಮಕೂರು ರಸ್ತೆಯಲ್ಲಿರುತ್ತೀರಿ. ಇದಕ್ಕಿಂತ ತಡವಾಗಿ ಹೊರಡಬೇಡಿ. ಕತ್ತಲಾಗುವ ಮೊದಲು ಕೇಂದ್ರದ ಗೇಟ್ ಒಮ್ಮೆ ಕಣ್ಣಾರೆ ನೋಡಬೇಕು, ಅದಕ್ಕೆ ಬೆಳಕು ಬೇಕು. ಶಕ್ತಿ ಯೋಜನೆಯಲ್ಲಿ ನಿಮಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ, ಅಪ್ಪನಿಗೆ ಇದೆ. ರಾಜಹಂಸ, ಸ್ಲೀಪರ್ ಬಸ್ಸುಗಳಲ್ಲಿ ನಿಮಗೂ ಟಿಕೆಟ್ ಇದೆ. ನನ್ನ ಸಲಹೆ ಕೇಳಿದರೆ, ಇದೊಂದು ದಿನ ದುಡ್ಡು ಕೊಟ್ಟಾದರೂ ಸೀಟು ಕಾದಿರಿಸಿಕೊಂಡೇ ಹೋಗಿ. ಹಾವೇರಿಯವರೆಗೆ ನಿಂತು ಹೋದರೆ ಆ ಆಯಾಸ ಮರುದಿನವೂ ಇರುತ್ತದೆ.

ರೈಲು ಬೇಕು ಅಂದರೆ ಶಿರಸಿಗೆ ನಿಲ್ದಾಣ ಇಲ್ಲ. ತಾಳಗುಪ್ಪಕ್ಕೋ ಹಾವೇರಿಗೋ ಹೋಗಬೇಕು. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಮಾತ್ರ ಇದನ್ನು ಗಂಭೀರವಾಗಿ ಯೋಚಿಸಿ. ಊರಿನ ಚೀಟಿಯ ಜೊತೆಗೇ ಮಂಡಳಿ ಉಚಿತ ರೈಲು ಪ್ರಯಾಣದ ಪತ್ರವನ್ನೂ ಕೊಡುತ್ತದೆ. ಅದನ್ನು ತೋರಿಸಿ ಸೀಟು ಕಾದಿರಿಸಬಹುದು, ಮೂಲ ಜಾತಿ ಪ್ರಮಾಣ ಪತ್ರ ಜೊತೆಗಿರಬೇಕು. ಉಳಿದವರು ರೈಲಿನಲ್ಲಿ ವೇಟಿಂಗ್ ಲಿಸ್ಟ್ ಟಿಕೆಟ್ ನಂಬಿಕೊಂಡು ಇರಬೇಡಿ. ಆನ್‌ಲೈನಿನಲ್ಲಿ ಮಾಡಿದ ಟಿಕೆಟ್ ಚಾರ್ಟ್ ಆಗುವಾಗ ಖಚಿತವಾಗದಿದ್ದರೆ ತಾನಾಗಿಯೇ ರದ್ದಾಗುತ್ತದೆ. ಅಷ್ಟು ಹೊತ್ತಿಗೆ ಬಸ್ಸಿನ ಸೀಟೂ ಮುಗಿದಿರುತ್ತದೆ.

ಇನ್ನು ಪ್ರವೇಶ ಪತ್ರ ಬಂದ ದಿನದ ಕೆಲಸ. ಶಿರಸಿಯಲ್ಲೇ ಎರಡು ಪ್ರತಿ ಪ್ರಿಂಟ್ ತೆಗೆಸಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಬೆಂಗಳೂರಿನಲ್ಲೂ ಝೆರಾಕ್ಸ್ ಅಂಗಡಿ ತೆರೆದಿರುವುದಿಲ್ಲ. ಆಮೇಲೆ ವಿಳಾಸವನ್ನು ಕೂತು ನಿಧಾನವಾಗಿ ಓದಿ. ಬರೀ ಕಾಲೇಜಿನ ಹೆಸರನ್ನು ನಕ್ಷೆಯಲ್ಲಿ ಹುಡುಕಿದರೆ ಮೋಸ ಹೋಗುವ ಸಾಧ್ಯತೆ ಇದೆ. ಒಂದೇ ಟ್ರಸ್ಟಿಗೆ ಊರಿನ ಒಳಗೊಂದು ಕಾಲೇಜು, ಹೊರಗೊಂದು ಕಾಲೇಜು ಇರುತ್ತದೆ. ಮಲ್ಲೇಶ್ವರದಲ್ಲಿ ಸರ್ಕಾರಿ ಪದವಿಪೂರ್ವ ಕಾಲೇಜು 18ನೇ ಅಡ್ಡರಸ್ತೆಯಲ್ಲೊಂದು, ಹೆಣ್ಣುಮಕ್ಕಳದ್ದು 13ನೇ ಅಡ್ಡರಸ್ತೆಯಲ್ಲೊಂದು ಇದೆ. ಬಸವನಗುಡಿ ಮತ್ತು ಬಸವೇಶ್ವರನಗರ ಕೇಳಲು ಹತ್ತಿರ, ಹೋಗಲು ದೂರ. ಆದ್ದರಿಂದ ಹೆಸರಿನ ಜೊತೆ ರಸ್ತೆ, ಬಡಾವಣೆ, ಪಿನ್‌ಕೋಡ್ ಮೂರೂ ಹೊಂದಬೇಕು. ನಕ್ಷೆಯಲ್ಲಿ ಸಿಕ್ಕ ಜಾಗದ ಪಿನ್‌ಕೋಡ್ ಮತ್ತು ಪ್ರವೇಶ ಪತ್ರದ ಪಿನ್‌ಕೋಡ್ ಬೇರೆಯಾಗಿದ್ದರೆ ಅಲ್ಲಿಗೆ ನಿಲ್ಲಿಸಿ, ಕಾಲೇಜಿನ ಸ್ವಂತ ವೆಬ್‌ಸೈಟಿನಲ್ಲಿರುವ ನಂಬರಿಗೆ ಕೆಲಸದ ವೇಳೆಯಲ್ಲಿ ಫೋನ್ ಮಾಡಿ ಕೇಳಿ. "ಇಂಥ ದಿನ ರೈಲ್ವೆ ಪರೀಕ್ಷೆ ನಿಮ್ಮಲ್ಲೇನಾ, ಯಾವ ಗೇಟಿನಿಂದ ಬಿಡ್ತೀರಿ" ಅಂತ ಕೇಳಿದರೆ ಹೇಳುತ್ತಾರೆ.

ಜಾಗ ಖಚಿತವಾದ ಮೇಲೆ ಸಮಯ. ನಕ್ಷೆ ತೆರೆದ ಕೂಡಲೇ ತೋರಿಸುವುದು ಆ ಕ್ಷಣದ ಸಮಯ. ನೀವು ಶಿರಸಿಯಲ್ಲಿ ರಾತ್ರಿ ಹತ್ತಕ್ಕೆ ನೋಡಿದರೆ ಬೆಂಗಳೂರಿನ ರಸ್ತೆ ಖಾಲಿ ಇರುವಾಗಿನ ಲೆಕ್ಕ ಬರುತ್ತದೆ. ಗೂಗಲ್ ನಕ್ಷೆಯಲ್ಲಿ ದಾರಿ ಹಾಕಿದ ಮೇಲೆ ಮೂರು ಚುಕ್ಕೆ ಒತ್ತಿದರೆ ಸಮಯ ಹಾಕುವ ಜಾಗ ಸಿಗುತ್ತದೆ. ಅದರಲ್ಲಿ Arrive by ಆರಿಸಿ, ಪರೀಕ್ಷೆಯ ದಿನ ಮತ್ತು ಬೆಳಿಗ್ಗೆ 7.15 ಹಾಕಿ. ಆಗ "25ರಿಂದ 45 ನಿಮಿಷ" ಅನ್ನುವ ಥರ ಎರಡು ಅಂಕಿ ಬರುತ್ತವೆ. ದೊಡ್ಡದನ್ನೇ ಹಿಡಿಯಿರಿ. ಚಿಕ್ಕದನ್ನು ಮರೆತುಬಿಡಿ.

ಈಗ ಒಂದು ಉದಾಹರಣೆ ಪೂರ್ತಿ ಮಾಡಿ ನೋಡೋಣ. ನಿಮಗೆ ಕೇಂದ್ರ ಬಂದದ್ದು ಸೋಲದೇವನಹಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜು ಅಂತ ಇಟ್ಟುಕೊಳ್ಳಿ. ಅದು ಹೆಸರಘಟ್ಟ ರಸ್ತೆಯ ಕಡೆ, ಚಿಕ್ಕಬಾಣಾವರ ದಾಟಿ. ಮೆಜೆಸ್ಟಿಕ್‌ನಿಂದ ಇಪ್ಪತ್ತು ಕಿ.ಮೀ. ಹತ್ತಿರ ಆಗುತ್ತದೆ. ಆದರೆ ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಏಳೆಂಟು ಕಿ.ಮೀ. ಮಾತ್ರ. ಎಂಟನೇ ಮೈಲಿ ಎಲ್ಲಿದೆ? ನೀವು ಊರಿನಿಂದ ಬರುವ ದಾರಿಯಲ್ಲೇ, ದಾಸರಹಳ್ಳಿಗಿಂತ ಸ್ವಲ್ಪ ಮೊದಲು. ಶಿರಸಿ ಬಸ್ಸು ಅದರ ಮೇಲೇ ಹಾದು ಹೋಗುತ್ತದೆ. ಅಂದರೆ ನೀವು ಮೆಜೆಸ್ಟಿಕ್ ಮುಖವನ್ನೇ ನೋಡಬೇಕಾಗಿಲ್ಲ. ತುಮಕೂರು ಬಿಟ್ಟ ಕೂಡಲೇ ನಿರ್ವಾಹಕರ ಹತ್ತಿರ ಹೋಗಿ "ಎಂಟನೇ ಮೈಲಿಯಲ್ಲಿ ಇಳೀಬೇಕು, ಹೆಸರಘಟ್ಟ ಕ್ರಾಸ್" ಅಂತ ಹೇಳಿ. ನೆಲಮಂಗಲ ಟೋಲ್ ದಾಟಿದ ಮೇಲೆ ಇನ್ನೊಮ್ಮೆ ನೆನಪಿಸಿ. ಸೀಟು ಬಿಟ್ಟು ಬ್ಯಾಗ್ ಹಿಡಿದು ಮುಂದೆ ಬಂದು ನಿಂತುಕೊಳ್ಳಿ. ಅಲ್ಲಿ ಬಸ್ಸು ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ರೂಮ್ ಎಲ್ಲಿ? ಕಾಲೇಜಿನ ಪಕ್ಕದಲ್ಲೇ ಸಿಕ್ಕರೆ ಒಳ್ಳೆಯದು. ಆದರೆ ಹೊರವಲಯದ ಕಾಲೇಜುಗಳ ಸುತ್ತ ಹುಡುಗರ ಪಿಜಿಗಳು ಜಾಸ್ತಿ, ಲಾಡ್ಜ್ ಕಡಿಮೆ. ಇದ್ದ ಒಂದೆರಡು ಪರೀಕ್ಷೆ ದಿನ ತುಂಬಿರುತ್ತವೆ. ಆಗ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಅಥವಾ ಒಂದೇ ಆಟೋದಲ್ಲಿ ಹೋಗಬಹುದಾದ ಮುಖ್ಯರಸ್ತೆಯನ್ನು ಹಿಡಿಯಿರಿ. ಈ ಉದಾಹರಣೆಯಲ್ಲಿ ಅದು ಎಂಟನೇ ಮೈಲಿ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಸಾಲು. ಅಲ್ಲಿ ಸಾಧಾರಣ ಲಾಡ್ಜ್‌ಗಳಿವೆ, ಬೆಳಿಗ್ಗೆ ಬೇಗ ತೆರೆಯುವ ದರ್ಶಿನಿಗಳಿವೆ, ಹೆಸರಘಟ್ಟ ಕಡೆಗೆ ಬಿಎಂಟಿಸಿ ಬಸ್ಸುಗಳಿವೆ. ಇನ್ನೊಂದು ಒಳ್ಳೆಯ ವಿಷಯ, ಬೆಳಿಗ್ಗೆ ಜನ ಹೊರಗಿನಿಂದ ಊರೊಳಗೆ ಹೋಗುತ್ತಿರುತ್ತಾರೆ. ನೀವು ಊರಿಂದ ಹೊರಗೆ ಹೋಗುತ್ತೀರಿ. ಗದ್ದಲ ಎದುರಿನ ಸಾಲಿನಲ್ಲಿ ಇರುತ್ತದೆ.

ಲಾಡ್ಜ್‌ಗೆ ಆ್ಯಪಿನಲ್ಲಿ ದುಡ್ಡು ಕಟ್ಟುವ ಮೊದಲು ಒಮ್ಮೆ ನೇರ ಫೋನ್ ಮಾಡಿ. ಅಪ್ಪನ ಕೈಯಲ್ಲೇ ಮಾಡಿಸಿ. ಮೊದಲು ಕೇಳಬೇಕಾದದ್ದು ಬಾಡಿಗೆ ಅಲ್ಲ, ರೂಮಿನ ಸಮಯ. ಕೆಲವರದ್ದು 24 ಗಂಟೆ ಲೆಕ್ಕ, ನೀವು ಸಂಜೆ 4ಕ್ಕೆ ಒಳಗೆ ಹೋದರೆ ಮರುದಿನ 4ರವರೆಗೆ ರೂಮು ನಿಮ್ಮದು. ಕೆಲವರದ್ದು ಮಧ್ಯಾಹ್ನ 12ರ ಲೆಕ್ಕ, ನೀವು ರಾತ್ರಿ ಬಂದರೂ ಮರುದಿನ 12ಕ್ಕೆ ಬಿಡಬೇಕು. ನಿಮಗೆ 24 ಗಂಟೆಯದೇ ಬೇಕು. ಪರೀಕ್ಷೆ 90 ನಿಮಿಷ, 10.30ಕ್ಕೆ ಮುಗಿದು ಹೊರಗೆ ಬರುವಾಗ ಹನ್ನೊಂದು, ರೂಮಿಗೆ ಬರುವಾಗ ಹನ್ನೆರಡಾಗಬಹುದು. ಕೇಂದ್ರದೊಳಗೆ ಬ್ಯಾಗ್ ಬಿಡುವುದಿಲ್ಲ, ಫೋನ್ ಬಿಡುವುದಿಲ್ಲ, ಅವನ್ನು ಇಟ್ಟುಕೊಳ್ಳುವ ಹೊಣೆಯನ್ನೂ ಅವರು ತೆಗೆದುಕೊಳ್ಳುವುದಿಲ್ಲ. ರೂಮು ನಿಮ್ಮ ಕೈಯಲ್ಲಿದ್ದರೆ ಬ್ಯಾಗ್ ಅಲ್ಲೇ ಇರುತ್ತದೆ. 12ರ ಲೆಕ್ಕದ ಲಾಡ್ಜ್ ಮಾತ್ರ ಸಿಕ್ಕರೆ, ಬ್ಯಾಗ್ ಕೌಂಟರಿನಲ್ಲಿ ಇಟ್ಟುಕೊಳ್ತೀರಾ ಅಂತ ಫೋನಿನಲ್ಲೇ ಕೇಳಿ ಒಪ್ಪಿಸಿಕೊಳ್ಳಿ.

ಎರಡನೆಯದು, ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತೆಗೆಯುವವರು ಇರ್ತಾರಾ? ಚಿಕ್ಕ ಲಾಡ್ಜ್‌ಗಳಲ್ಲಿ ರಾತ್ರಿ ಶಟರ್ ಎಳೆದು ಹುಡುಗ ಒಳಗೆ ಮಲಗಿರುತ್ತಾನೆ. ಬಿಸಿನೀರು ಎಷ್ಟು ಗಂಟೆಗೆ? ಏಳರಿಂದ ಅಂದರೆ ನಿಮಗೆ ಉಪಯೋಗ ಇಲ್ಲ, ಐದಕ್ಕೆ ಒಂದು ಬಕೆಟ್ ಕೊಡ್ತೀರಾ ಅಂತ ಕೇಳಿ. ಕೆಳಗೆ ಬಾರ್ ಇದೆಯಾ, ಪಕ್ಕದಲ್ಲಿ ಕಲ್ಯಾಣ ಮಂಟಪ ಇದೆಯಾ ಅಂತಲೂ ಕೇಳಿ. ಸಂಕೋಚ ಬೇಡ. ಮುಖ್ಯರಸ್ತೆಯ ಲಾಡ್ಜ್‌ಗಳಲ್ಲಿ ರಾತ್ರಿ ಲಾರಿ ಸದ್ದು ನಿಲ್ಲುವುದಿಲ್ಲ. ಹಿಂಬದಿಯ ರೂಮು ಕೊಡಿ ಅಂದರೆ ಸಾಮಾನ್ಯವಾಗಿ ಅದೇ ಬಾಡಿಗೆಗೆ ಕೊಡುತ್ತಾರೆ.

ನಕ್ಷೆಯಲ್ಲಿ ಲಾಡ್ಜ್ ಹೆಸರಿನ ಕೆಳಗೆ ಕಾಣುವ ನಂಬರ್ ಎಲ್ಲವೂ ಅವರದ್ದೇ ಅಂತ ನಂಬಬೇಡಿ. ಬೇರೆಯವರು ತಮ್ಮ ನಂಬರ್ ಹಾಕಿ, ಪೂರ್ತಿ ಬಾಡಿಗೆ ಮೊದಲೇ ಕಳಿಸಿ ಅನ್ನುವ ಮೋಸ ನಡೆಯುತ್ತದೆ. ಪೂರ್ತಿ ಹಣ ಈಗಲೇ ಹಾಕಿ, ಇಲ್ಲದಿದ್ದರೆ ರೂಮು ಹೋಯಿತು ಅಂತ ಅವಸರ ಮಾಡಿದರೆ ಬಿಟ್ಟುಬಿಡಿ. ಆ್ಯಪಿನಲ್ಲಿ ಮಾಡುವುದಾದರೆ ಹಿಂದಿನ ದಿನದವರೆಗೂ ದುಡ್ಡು ಕಡಿತ ಇಲ್ಲದೆ ರದ್ದು ಮಾಡಬಹುದಾದದ್ದನ್ನೇ ಆರಿಸಿ. ಮಾಡಿದ ಮೇಲೆ ಲಾಡ್ಜ್‌ಗೆ ಫೋನ್ ಮಾಡಿ, ಈ ಹೆಸರಿನಲ್ಲಿ ಬಂದಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಆ್ಯಪಿನಲ್ಲಿ ಖಚಿತ ಅಂತ ತೋರಿಸಿ, ಕೌಂಟರಿನಲ್ಲಿ ರೂಮಿಲ್ಲ ಅನ್ನುವುದು ಉಂಟು.

ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಲಾಡ್ಜ್‌ನಲ್ಲಿ ಇಬ್ಬರ ಗುರುತಿನ ಚೀಟಿಯೂ ಕೇಳುತ್ತಾರೆ, ಕೊಡಬೇಕು. ಆದರೆ ಝೆರಾಕ್ಸ್ ಕೊಡಿ. ಮೂಲ ಕಾರ್ಡನ್ನು ಕೌಂಟರಿನಲ್ಲಿ ಇಟ್ಟುಕೊಂಡು, ಹೋಗುವಾಗ ಕೊಡ್ತೇವೆ ಅನ್ನುವವರಿದ್ದಾರೆ. ನಿಮ್ಮ ಮೂಲ ಗುರುತಿನ ಚೀಟಿ ಪರೀಕ್ಷೆಯ ಗೇಟಿನಲ್ಲಿ ಬೇಕು. ಬೆಳಿಗ್ಗೆ ಐದೂಮುಕ್ಕಾಲಿಗೆ ಕೌಂಟರಿಗೆ ಬೀಗ ಹಾಕಿ, ಕೀಲಿ ಇರುವವರು ಮನೆಗೆ ಹೋಗಿದ್ದರೆ ಏನು ಮಾಡ್ತೀರಿ? ಶಿರಸಿಯಿಂದ ಹೊರಡುವಾಗಲೇ ಇಬ್ಬರ ಆಧಾರಿನ ಎರಡೆರಡು ಝೆರಾಕ್ಸ್ ಇಟ್ಟುಕೊಳ್ಳಿ.

ಸಂಜೆ ನಾಲ್ಕಕ್ಕೆ ಇಳಿದಿರಿ, ರೂಮಿಗೆ ಹೋಗಿ ಮುಖ ತೊಳೆದಿರಿ. ಮಲಗಬೇಡಿ. ಐದು ಗಂಟೆಗೆ ಹೊರಟು ಕಾಲೇಜಿಗೆ ಹೋಗಿ ಬನ್ನಿ. ಹೋಗುವಾಗ ಬಸ್ಸಿನಲ್ಲಿ ಹೋಗಿ, ಬರುವಾಗ ಆಟೋದಲ್ಲಿ ಬನ್ನಿ. ಹೀಗೆ ಮಾಡಿದರೆ ಎರಡೂ ದಾರಿ ಗೊತ್ತಾಗುತ್ತವೆ, ಆಟೋದವರು ಎಷ್ಟು ಕೇಳುತ್ತಾರೆ ಅಂತಲೂ ತಿಳಿಯುತ್ತದೆ. ಬರುವ ಆಟೋದವರು ಅದೇ ಕಡೆಯವರಾಗಿದ್ದರೆ ಬೆಳಿಗ್ಗೆ ಆರಕ್ಕೆ ಬರ್ತೀರಾ ಅಂತ ಕೇಳಿ ನಂಬರ್ ತೆಗೆದುಕೊಳ್ಳಿ. ಆದರೆ ಅವರೊಬ್ಬರನ್ನೇ ನಂಬಿ ಕೂರಬೇಡಿ. ಕಾಲೇಜಿನಲ್ಲಿ ಗೇಟಿನ ಕಾವಲುಗಾರರನ್ನು ಕೇಳಿ, ನಾಳೆ ಯಾವ ಗೇಟು, ಕಂಪ್ಯೂಟರ್ ಪರೀಕ್ಷೆ ಯಾವ ಕಟ್ಟಡದಲ್ಲಿ ಅಂತ. ದೊಡ್ಡ ಕ್ಯಾಂಪಸ್‌ಗಳಲ್ಲಿ ಮುಖ್ಯ ಗೇಟಿನಿಂದ ಆ ಕಟ್ಟಡಕ್ಕೇ ಹತ್ತು ನಿಮಿಷ ನಡೆಯಬೇಕಾಗುತ್ತದೆ. ನಕ್ಷೆ ತೋರಿಸುವ ಚುಕ್ಕೆ ಕೆಲವೊಮ್ಮೆ ಹಿಂದಿನ ಗೇಟಿನಲ್ಲಿರುತ್ತದೆ, ಅದಕ್ಕೆ ಬೀಗ ಹಾಕಿರುತ್ತಾರೆ. ಇದನ್ನೆಲ್ಲ ಬೆಳಿಗ್ಗೆ ಏಳೂಕಾಲಿಗೆ ಕಂಡುಹಿಡಿಯುವುದು ಬೇಡ ಅಂತಲೇ ಹಿಂದಿನ ಸಂಜೆ ಹೋಗುವುದು.

ಅಪ್ಪನ ಜೊತೆ ಒಂದು ಜಾಗ ಗುರುತು ಮಾಡಿಕೊಳ್ಳುವುದೂ ಆಗಲೇ. ಪರೀಕ್ಷೆ ಮುಗಿದು ಹೊರಬರುವಾಗ ನಿಮ್ಮ ಕೈಯಲ್ಲಿ ಫೋನ್ ಇರುವುದಿಲ್ಲ. ಗೇಟಿನ ಮುಂದೆ ನೂರಾರು ಜನ ಇರುತ್ತಾರೆ. ಹೊರಬರುವ ಗೇಟು ಒಳಹೋಗಿದ್ದೇ ಆಗಿರಬೇಕೆಂದೂ ಇಲ್ಲ. ಒಂದು ಬೇಕರಿಯನ್ನೋ ಬಸ್ ನಿಲ್ದಾಣವನ್ನೋ ನೋಡಿಟ್ಟು, "ಎಲ್ಲಿಂದ ಹೊರಬಂದರೂ ಇಲ್ಲಿಗೇ ಬರ್ತೇನೆ" ಅಂತ ಮಾತಾಡಿಕೊಳ್ಳಿ. ಅಪ್ಪನ ನಂಬರ್ ಬಾಯಿಪಾಠ ಇರಲಿ.

ಬೆಳಗಿನ ಲೆಕ್ಕವನ್ನು ಹಿಂದಿನಿಂದ ಮಾಡಿ. ಗೇಟಿನಲ್ಲಿ 7.15ಕ್ಕೆ ಇರಬೇಕು. ದಾರಿಗೆ ದೊಡ್ಡ ಅಂಕಿ 45 ನಿಮಿಷ. ಆಗ 6.30. ಆಟೋ ಅಥವಾ ಬಸ್ಸು ಸಿಗಲು 15 ನಿಮಿಷ, 6.15. ಅದಕ್ಕೆ ಮೊದಲು ಎರಡು ಇಡ್ಲಿ ತಿನ್ನಲು 20 ನಿಮಿಷ, ಅಂದರೆ ರೂಮು ಬಿಡುವುದು 5.55ಕ್ಕೆ, ಏಳುವುದು ಐದಕ್ಕೆ. ಹತ್ತಿರದ ದರ್ಶಿನಿ ಆರಕ್ಕೆ ತೆರೆಯುತ್ತಾ ಅಂತ ಹಿಂದಿನ ರಾತ್ರಿ ಊಟಕ್ಕೆ ಹೋದಾಗಲೇ ಕೇಳಿ. ಇಲ್ಲ ಅಂದರೆ ಬಾಳೆಹಣ್ಣು, ಬ್ರೆಡ್ ತಂದಿಟ್ಟುಕೊಳ್ಳಿ. ಈ ಲೆಕ್ಕದಲ್ಲಿ 7.15ರಿಂದ 8.30ರವರೆಗಿನ ಒಂದೂಕಾಲು ಗಂಟೆ ಹಾಗೇ ಉಳಿದಿದೆ ನೋಡಿ. ಅದನ್ನು ಮುಟ್ಟಬೇಡಿ. ಆಟೋ ಕೆಟ್ಟರೆ, ಮಳೆ ಬಂದರೆ, ದಾರಿ ತಪ್ಪಿದರೆ ಅಂತ ಇರುವ ಸಮಯ ಅದು. ಇನ್ನೂ ಅರ್ಧ ಗಂಟೆ ಮಲಗಲು ಅಲ್ಲ.

ಕೇಂದ್ರ ಬೇರೆ ದಿಕ್ಕಿಗೆ ಬಂದರೆ? ಯೋಚನೆ ಅದೇ, ಇಳಿಯುವ ಜಾಗ ಬೇರೆ. ಕನಕಪುರ ರಸ್ತೆ ಬಂದರೆ ತುಮಕೂರು ರಸ್ತೆಯಲ್ಲೇ ಗೊರಗುಂಟೆಪಾಳ್ಯ ಅಥವಾ ಯಶವಂತಪುರದಲ್ಲಿ ಇಳಿದು ಹಸಿರು ಮೆಟ್ರೋ ಹತ್ತಿ. ಅದೇ ರೈಲು ಬದಲಾಯಿಸದೆ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೂ ಹೋಗುತ್ತದೆ. ವೈಟ್‌ಫೀಲ್ಡ್ ಕಡೆ ಬಂದರೆ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ನೇರಳೆಗೆ ಬದಲಾಯಿಸಬೇಕು. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ ಬಂದರೆ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಳದಿ ಮಾರ್ಗ ಸಿಗುತ್ತದೆ, 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಆದರೆ ಈ ಮೆಟ್ರೋ ಪ್ರಯಾಣವನ್ನು ಹಿಂದಿನ ದಿನ ಸಂಜೆಯೇ ಮುಗಿಸಿ, ಆ ತುದಿಯಲ್ಲೇ ರೂಮ್ ಮಾಡಿ. ಬೆಳಿಗ್ಗೆ ಮೆಟ್ರೋ ನಂಬಿಕೊಳ್ಳುವುದಾದರೆ ಮೊದಲ ರೈಲಿನ ಸಮಯ ನೋಡಿಕೊಳ್ಳಲೇಬೇಕು. ಭಾನುವಾರ ಸಾಮಾನ್ಯವಾಗಿ ಮೆಟ್ರೋ ಶುರುವಾಗುವುದೇ 7ಕ್ಕೆ. ಕೆಲವು ದೊಡ್ಡ ಪರೀಕ್ಷೆಗಳ ದಿನ ಬೇಗ ಬಿಟ್ಟದ್ದುಂಟು, ಆದರೆ ನಿಮ್ಮ ದಿನಕ್ಕೆ ಪ್ರಕಟಣೆ ಬಂದಿದ್ದರೆ ಮಾತ್ರ ನಂಬಿ.

ವಾಪಸ್ ಟಿಕೆಟ್ ಮಾಡುವಾಗ ಮಧ್ಯಾಹ್ನದ ಬಸ್ಸಿಗೆ ಅವಸರ ಮಾಡಬೇಡಿ. ಕಂಪ್ಯೂಟರ್ ಅಥವಾ ಕರೆಂಟಿನ ತೊಂದರೆಯಿಂದ ಪಾಳಿ ತಡವಾಗುವುದುಂಟು. ರಾತ್ರಿ ಬಸ್ಸಿಗೆ ಮಾಡಿ. ಹತ್ತುವ ಜಾಗ ಕೇಳುವಲ್ಲಿ ಮೆಜೆಸ್ಟಿಕ್ ಬದಲು ಯಶವಂತಪುರವನ್ನೋ ಜಾಲಹಳ್ಳಿ ಕ್ರಾಸನ್ನೋ ಆರಿಸಿ, ಆ ಬಸ್ಸಿಗೆ ಅಲ್ಲಿ ನಿಲುಗಡೆ ಇದ್ದರೆ. ಮಧ್ಯಾಹ್ನ ರೂಮಿಗೆ ಬಂದು ಊಟ ಮಾಡಿ, ನಾಲ್ಕರವರೆಗೆ ಮಲಗಿ, ಆಮೇಲೆ ಬ್ಯಾಗ್ ಕಟ್ಟಿದರೂ ಸಮಯ ಇರುತ್ತದೆ. ಪ್ರವೇಶ ಪತ್ರ ಬಂದ ಮೇಲೆ ಕೇಂದ್ರ ಯಾವ ಕಡೆ ಅಂತ ಬರೆಯಿರಿ. ಎಲ್ಲಿ ಇಳಿಯುವುದು, ಯಾವ ರಸ್ತೆಯಲ್ಲಿ ರೂಮ್ ಹುಡುಕುವುದು ಅಂತ ಹೇಳ್ತೇನೆ.